ಕೈಯಲ್ಲಿ ಪ್ಯಾಕೆಟ್, ಮುಖದಲ್ಲಿ ಸಹಜ ನಗು: ಅಂಗಡಿ ಜಾಹೀರಾತಿಗೆ ಎಐ ಚಿತ್ರ ಮಾಡಿಸಲು ಮೂರು ದಾರಿ, ಯಾವುದು ಯಾವಾಗ?

ಹಾಸನದ ಕಡೆಯ ಒಂದು ಸಣ್ಣ ಕಾಫಿ ಪುಡಿ ಅಂಗಡಿಗೆ ದೀಪಾವಳಿ ಜಾಹೀರಾತು ಬೇಕು ಎಂದುಕೊಳ್ಳಿ. ಸರಕು ಅಂದರೆ 250 ಗ್ರಾಂನ ಕಂದು ಕಾಗದದ ಪ್ಯಾಕೆಟ್. ಅದರ ಮೇಲೆ ಕನ್ನಡದಲ್ಲಿ ಅಂಗಡಿಯ ಹೆಸರು, ಕೆಳಗೆ ಚಿಕ್ಕದಾಗಿ 'ಕಾಫಿ 80%, ಚಿಕೋರಿ 20%'. ಮೂರು ಪೋಸ್ಟರ್ ಬೇಕು. ಒಂದೊಂದರಲ್ಲೂ ಒಬ್ಬರು ಪ್ಯಾಕೆಟ್ ಹಿಡಿದಿರಬೇಕು. ಅವರು ನಮ್ಮೂರಿನವರ ಹಾಗೆ ಕಾಣಬೇಕು, ನಿಂತ ಭಂಗಿ ಆರಾಮವಾಗಿರಬೇಕು, ಮೂವರ ಮೈಬಣ್ಣ ಬೇರೆ ಬೇರೆ ಇರಬೇಕು. ಫೋಟೊ ತೆಗೆಸುವಷ್ಟು ಬಜೆಟ್ ಇಲ್ಲ, ಹಾಗಾಗಿ ಎಐ ಚಿತ್ರ.

ಇದನ್ನು ಮೂರು ರೀತಿ ಮಾಡಬಹುದು. ಎಲ್ಲವನ್ನೂ ಮಾತಿನಲ್ಲೇ ವಿವರಿಸಿ ಇಡೀ ಚಿತ್ರ ಬರೆಸುವುದು ಒಂದು. ನಿಮ್ಮ ಪ್ಯಾಕೆಟ್ಟಿನ ಫೋಟೊ ಕೊಟ್ಟು, ಇದನ್ನು ಹಿಡಿದಿರುವ ವ್ಯಕ್ತಿಯನ್ನು ಬರೆ ಎನ್ನುವುದು ಇನ್ನೊಂದು. ಮೂರನೆಯದರಲ್ಲಿ ಏನೂ ಬರೆದಿರದ ಖಾಲಿ ಪ್ಯಾಕೆಟ್ ಹಿಡಿದ ವ್ಯಕ್ತಿಯನ್ನು ಮಾತ್ರ ಎಐನಿಂದ ಮಾಡಿಸಿಕೊಂಡು, ಅಸಲಿ ಪ್ಯಾಕೆಟ್ಟಿನ ಫೋಟೊವನ್ನು ಆಮೇಲೆ ನಾವೇ ಕೂರಿಸುತ್ತೇವೆ. ನನ್ನ ಒಲವು ಮೂರನೆಯದರ ಕಡೆಗೆ. ಆದರೆ ಎಲ್ಲ ಕೆಲಸಕ್ಕೂ ಅದೇ ಬೇಕು ಅಂತ ಇಲ್ಲ.

ಪ್ಯಾಕೆಟ್ ವಿಷಯದಲ್ಲಿ ಮೂರೂ ಹೇಗೆ ಬೇರೆ

ಬರೀ ಮಾತಿನ ದಾರಿ ಎಲ್ಲಕ್ಕಿಂತ ಬೇಗ. ಮುಖ, ಭಂಗಿ, ಬೆಳಕು ಎಲ್ಲಾ ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ, ಯಾಕೆಂದರೆ ಎಲ್ಲವೂ ಒಟ್ಟಿಗೇ ಹುಟ್ಟಿದ್ದು. ಆದರೆ ಪ್ಯಾಕೆಟ್ ನಿಮ್ಮದಲ್ಲ. ಅದು ಎಐ ಊಹಿಸಿಕೊಂಡ ಪ್ಯಾಕೆಟ್. ಕನ್ನಡ ಅಕ್ಷರವನ್ನಂತೂ ಇವು ಇನ್ನೂ ನಂಬುವ ಹಾಗೆ ಬರೆಯುವುದಿಲ್ಲ. ಒತ್ತಕ್ಷರ ಕಳಚಿಕೊಳ್ಳುತ್ತದೆ, ದೀರ್ಘ ಬೇರೆ ಅಕ್ಷರಕ್ಕೆ ಹೋಗಿ ಅಂಟುತ್ತದೆ. 'ಫಿಲ್ಟರ್' ಎಂಬ ಪದ ಸರಿಯಾಗಿ ಬಂದರೆ ಅದೃಷ್ಟ.

ಎರಡನೆಯ ದಾರಿಯಲ್ಲಿ ಪ್ಯಾಕೆಟ್ ಬಹುಮಟ್ಟಿಗೆ ನಿಮ್ಮದೇ. ಜೆಮಿನಿಯ ನ್ಯಾನೊ ಬನಾನಾ, ಚಾಟ್‌ಜಿಪಿಟಿಯ ಚಿತ್ರ ಸೌಲಭ್ಯ, ಫ್ಲಕ್ಸ್ ಕಾಂಟೆಕ್ಸ್ಟ್ ಇವೆಲ್ಲ ಫೋಟೊ ನೋಡಿ ಅದರ ಆಕಾರ, ಬಣ್ಣ, ದೊಡ್ಡ ಅಕ್ಷರ ಉಳಿಸಿಕೊಳ್ಳುತ್ತವೆ. ಆದರೆ ಅವು ಫೋಟೊವನ್ನು ಕತ್ತರಿಸಿ ಅಂಟಿಸುವುದಿಲ್ಲ, ನೋಡಿ ಹೊಸದಾಗಿ ಬರೆಯುತ್ತವೆ. ಹಾಗಾಗಿ ಸಣ್ಣ ಅಕ್ಷರ ಸದ್ದಿಲ್ಲದೆ ಬದಲಾಗುತ್ತದೆ. '80' ಹೋಗಿ '60' ಆಗಬಹುದು. ಕಾಫಿ, ಚಿಕೋರಿ ಎಷ್ಟೆಷ್ಟು ಎನ್ನುವುದು ಪ್ಯಾಕೆಟ್ ಮೇಲೆ ಕಾನೂನಿನ ಪ್ರಕಾರ ಇರಲೇಬೇಕಾದ ಮಾಹಿತಿ. ಜಾಹೀರಾತಿನಲ್ಲಿ ಅದು ತಪ್ಪಾಗಿ ಕಂಡರೆ ಗಿರಾಕಿ ಪ್ರಶ್ನೆ ಕೇಳುತ್ತಾನೆ, ಕೇಳಬೇಕಾದ್ದೇ.

ಮೂರನೆಯದರಲ್ಲಿ ಈ ಭಯವೇ ಇಲ್ಲ, ಯಾಕೆಂದರೆ ಪ್ಯಾಕೆಟ್ ನಿಜವಾದ ಫೋಟೊ. ಬದಲಿಗೆ ನಿಮಗೆ ಒಂದೆರಡು ಗಂಟೆ ಕೆಲಸ ಜಾಸ್ತಿ. ಫೋಟೊ ತಿದ್ದುವ ತಂತ್ರಾಂಶಗಳಾದ ಫೋಟೊಪೀ ಅಥವಾ ಗಿಂಪ್‌ನಲ್ಲಿ ಲೇಯರ್, ಮಾಸ್ಕ್ ಬಳಸಲು ಬರಬೇಕು, ಅಂದರೆ ಒಂದರ ಮೇಲೊಂದು ಚಿತ್ರ ಇಟ್ಟು ಬೇಡದ ಭಾಗ ಮರೆಮಾಡಲು.

ಮುಖ, ಭಂಗಿ, ಮೈಬಣ್ಣದ ಕೆಲಸ ಮೂರು ದಾರಿಗೂ ಹೆಚ್ಚುಕಡಿಮೆ ಒಂದೇ. ನಿಜವಾದ ಕಷ್ಟ ಇರುವುದೂ ಅಲ್ಲೇ.

ನಗು: ಹೆಸರು ಬೇಡ, ಕಾರಣ ಕೊಡಿ

ಎಐಗೆ ಬರೆದು ಕೊಡುವ ವಿವರಣೆ, ಅಂದರೆ ಪ್ರಾಂಪ್ಟಿನಲ್ಲಿ, 'ನಗುತ್ತಿರುವ ಮಹಿಳೆ' ಎಂದರೆ ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು ಬರುತ್ತದೆ. 'ಸಹಜ ನಗು' ಎಂದರೂ ದೊಡ್ಡ ವ್ಯತ್ಯಾಸ ಇಲ್ಲ. ಕೈಯಲ್ಲಿ ಸರಕು ಹಿಡಿದು ನಗುವ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಬಹುಪಾಲು ಮಾರಾಟಕ್ಕೆಂದೇ ತೆಗೆದ ಸ್ಟಾಕ್ ಫೋಟೊಗಳು. ಎಐ ಕಲಿತದ್ದು ಅವುಗಳಿಂದ. ಅದರ ಮೇಲೆ ನೀವು 'ಜಾಹೀರಾತು', 'ಸುಂದರ', 'ರೂಪದರ್ಶಿ' ಎಂಬ ಪದಗಳನ್ನೂ ಸೇರಿಸಿದರೆ ಮೇಣದ ಬೊಂಬೆ ಸಿಗುತ್ತದೆ. ಚಿತ್ರ ಜಾಹೀರಾತಿಗೆ ಎನ್ನುವುದು ನಿಮಗೆ ಗೊತ್ತಿದ್ದರೆ ಸಾಕು, ಎಐಗೆ ಹೇಳಬೇಕಿಲ್ಲ.

ಕೆಲಸ ಮಾಡುವುದು ಬೇರೆ: ಒಂದು ಕ್ಷಣದ ಹಿಂದೆ ಏನಾಯಿತು ಎಂದು ಹೇಳುವುದು. ಕ್ಯಾಮೆರಾ ಪಕ್ಕದಲ್ಲಿ ಯಾರೋ ತಮಾಷೆ ಮಾಡಿದರು. ಈಕೆಗೆ ನಗು ಇನ್ನೂ ಶುರುವಾಗುತ್ತಿದೆ. ತುಟಿ ಮುಚ್ಚಿದೆ. ಕಣ್ಣು ಆ ಮಾತಾಡಿದವರ ಮೇಲಿದೆ. ಇಷ್ಟು ಹೇಳಿದರೆ ಕೆನ್ನೆ, ಕಣ್ಣಿನ ಬದಿಯ ಸುಕ್ಕು, ತುಟಿ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ಬರೀ ತುಟಿ ನಕ್ಕು ಕಣ್ಣು ಸುಮ್ಮನಿದ್ದರೆ ಅದು ಸುಳ್ಳು ನಗು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನೋಟ ಎಲ್ಲಿರಬೇಕು ಎನ್ನುವುದೂ ಒಂದು ಆಯ್ಕೆ. ನೇರ ಕ್ಯಾಮೆರಾ ನೋಡಿದರೆ ಮಾರಾಟದ ವಾಸನೆ ಜಾಸ್ತಿ. ಪ್ಯಾಕೆಟ್ಟನ್ನೇ ನೋಡಿದರೆ ಪ್ರಸಾದ ಹಿಡಿದ ಭಕ್ತಿ ಬಂದುಬಿಡುತ್ತದೆ, ಕಾಫಿ ಪುಡಿಗೆ ಅದು ಬೇಡ. ಕ್ಯಾಮೆರಾದಿಂದ ಸ್ವಲ್ಪ ಪಕ್ಕಕ್ಕೆ, ಇನ್ನೊಬ್ಬ ಮನುಷ್ಯನ ಕಡೆಗೆ ನೋಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಒಂದೇ ಪೋಸ್ಟರ್ ಮಾಡುವುದಾದರೆ ಮಾತ್ರ ನೇರ ನೋಟವೂ ನಡೆಯುತ್ತದೆ.

ಆರಾಮದ ಭಂಗಿ, ಮತ್ತು ಕೈ

'ಆರಾಮವಾಗಿ ನಿಂತಿರುವ' ಎಂದು ಬರೆದರೆ ಎಐ ಆ ವ್ಯಕ್ತಿಯನ್ನು ಸೋಫಾ ಅಂಗಡಿಯ ಮಾಡೆಲ್ ಮಾಡುತ್ತದೆ, ಇಲ್ಲವೇ ಬೆನ್ನು ಬಗ್ಗಿಸಿ ಕೂರಿಸುತ್ತದೆ. ಭಂಗಿಯನ್ನೂ ಭೌತಿಕವಾಗಿ ಹೇಳಬೇಕು. ಮೈಭಾರ ಯಾವ ಕಾಲಿನ ಮೇಲಿದೆ? ಮೊಣಕೈ ಎಲ್ಲಿ ಊರಿದೆ? ಎಡ ಮೊಣಕೈ ಕೌಂಟರ್ ಮೇಲೆ ಊರಿದರೆ ಆ ಭುಜ ತಾನಾಗಿ ಸ್ವಲ್ಪ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡು ಭುಜ ಒಂದೇ ಎತ್ತರದಲ್ಲಿ ಇಲ್ಲದಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಪ್ಯಾಕೆಟ್. ಎರಡೂ ಕೈಯಲ್ಲಿ, ಎದೆಯ ಮಟ್ಟದಲ್ಲಿ, ಕ್ಯಾಮೆರಾಗೆ ತೋರಿಸಿ ಹಿಡಿಯುವುದು ಎಐಗೆ ಅಭ್ಯಾಸವಾದ ಭಂಗಿ. ಯಾವ ಮನುಷ್ಯನೂ ಅಂಗಡಿಯಲ್ಲಿ ಹಾಗೆ ಹಿಡಿಯುವುದಿಲ್ಲ ಅಲ್ವಾ? ಒಂದೇ ಕೈ, ಸೊಂಟದ ಮಟ್ಟ ಎಂದು ಹೇಳಿ. ಆದರೆ ಪ್ಯಾಕೆಟ್ಟನ್ನು ನಡುವಿನಲ್ಲಿ ಹಿಡಿದರೆ ಬೆರಳು ಲೇಬಲ್ ಮುಚ್ಚುತ್ತವೆ. ಮೇಲ್ಗಡೆ ಮಡಚಿದ ಅಂಚನ್ನು ಹಿಡಿಸಿದರೆ ಎರಡು ಲಾಭ. ಲೇಬಲ್ ಪೂರ್ತಿ ಕಾಣುತ್ತದೆ. ಹೆಬ್ಬೆರಳು ಮುಂದೆ, ಉಳಿದವು ಹಿಂದೆ ಹೋಗುವುದರಿಂದ ತಪ್ಪಾಗಿ ಬರೆಯಬಹುದಾದ ಬೆರಳುಗಳ ಸಂಖ್ಯೆಯೂ ಕಡಿಮೆ. ಮೂರನೆಯ ದಾರಿ ಹಿಡಿದವರಿಗಂತೂ ಇದು ವರ. ಅಸಲಿ ಪ್ಯಾಕೆಟ್ ಕೂರಿಸುವಾಗ ಒಂದು ಹೆಬ್ಬೆರಳನ್ನು ಮಾತ್ರ ಮಾಸ್ಕ್ ಮಾಡಿದರೆ ಆಯಿತು.

ಚಿತ್ರ ಬಂದ ಮೇಲೆ ಬೆರಳು ಎಣಿಸುವುದು ಎಲ್ಲರಿಗೂ ಗೊತ್ತು. ನಾನು ಅದಕ್ಕಿಂತ ಮೊದಲು ನೋಡುವುದು ತೂಕ. 250 ಗ್ರಾಂ ಹಿಡಿದ ಕೈಯಲ್ಲಿ ನರ ಉಬ್ಬಿರಬಾರದು. ಬೆರಳು ತಾಗಿದ ಕಡೆ ಕಾಗದ ಸ್ವಲ್ಪವಾದರೂ ಸುಕ್ಕುಗಟ್ಟಿರಬೇಕು, ಬೆರಳಿನ ಪಕ್ಕದಲ್ಲೇ ತೆಳು ನೆರಳು ಇರಬೇಕು. ಅವೆರಡೂ ಇಲ್ಲದಿದ್ದರೆ ಪ್ಯಾಕೆಟ್ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಗಾತ್ರವೂ ಮುಖ್ಯ. ಎಐ ಸರಕನ್ನು ದೊಡ್ಡದು ಮಾಡಿ ತೋರಿಸುತ್ತದೆ, ಕಾಲು ಕೆಜಿ ಪ್ಯಾಕೆಟ್ ಒಂದು ಕೆಜಿ ಆಗಿರುತ್ತದೆ. 'ಕೈಗಿಂತ ಸ್ವಲ್ಪ ಎತ್ತರ' ಎಂಬಂಥ ಅಳತೆ ಕೊಡಿ. ಗ್ರಾಂ ಲೆಕ್ಕದಿಂದ ಅದು ಗಾತ್ರ ಊಹಿಸುವುದಿಲ್ಲ.

ಮೈಬಣ್ಣ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 2023ರಲ್ಲಿ ರೆಸ್ಟ್ ಆಫ್ ವರ್ಲ್ಡ್ ಎಂಬ ಸುದ್ದಿತಾಣ ಚಿತ್ರ ಬರೆಯುವ ಎಐ ಮಿಡ್‌ಜರ್ನಿಗೆ 'ಒಬ್ಬ ಭಾರತೀಯ ವ್ಯಕ್ತಿ' ಎಂದು ಕೇಳಿ ನೋಡಿತ್ತು. ಬಂದ ಚಿತ್ರಗಳಲ್ಲಿ ಬಹುತೇಕ ಎಲ್ಲರೂ ಗಡ್ಡ ಬಿಟ್ಟ ಮುದುಕರು, ತಲೆಗೆ ಪೇಟ. 'ಭಾರತೀಯ ಮಹಿಳೆ' ಎಂದು ಕೇಳಿದರೆ ತಿಳಿ ಮೈಬಣ್ಣ, ದೊಡ್ಡ ಬಿಂದಿ, ಮದುವೆ ಮನೆಯ ಒಡವೆ ಬರುವುದನ್ನು ಬಳಸಿದವರೆಲ್ಲ ಕಂಡಿದ್ದಾರೆ. ಅಂದರೆ ನೀವು ಬಣ್ಣ ಹೇಳದಿದ್ದರೆ ಎಐ ತಾನೇ ಒಂದನ್ನು ಆರಿಸುತ್ತದೆ, ಮೂರು ಪೋಸ್ಟರಿಗೂ ಅದನ್ನೇ ಆರಿಸುತ್ತದೆ. 'ಬೇರೆ ಬೇರೆ ಮೈಬಣ್ಣದ ಜನ' ಎಂದು ಒಟ್ಟಾರೆ ಹೇಳಿದರೆ ಹಾಸನದ ಅಂಗಡಿಗೆ ಅಮೆರಿಕದ ಆಫೀಸಿನ ಜನ ಬಂದು ನಿಲ್ಲುತ್ತಾರೆ.

ಬಣ್ಣವನ್ನು ಹೇಗೆ ಹೇಳುವುದು? ಆಯ್ಕೆ ಎರಡು: ಅಳತೆಪಟ್ಟಿಯ ಸಂಖ್ಯೆ, ಅಥವಾ ಮಾತು. ಚರ್ಮರೋಗ ವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿಯಲ್ಲಿ ಆರು ವರ್ಗ. ಅದು ಹುಟ್ಟಿದ್ದು ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ತಿಳಿಯಲು. ಮಾಂಕ್ ಪಟ್ಟಿಯಲ್ಲಿ ಹತ್ತು ಬಣ್ಣ. ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ರೂಪಿಸಿದ್ದು, ಗೂಗಲ್ 2022ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮ ಕೆಲಸಕ್ಕೆ ಮಾಂಕ್ ಹೆಚ್ಚು ಉಪಯೋಗ, ಯಾಕೆಂದರೆ ಕಂದು ಬಣ್ಣಗಳ ನಡುವಿನ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ಆದರೆ ಪ್ರಾಂಪ್ಟಿನಲ್ಲಿ 'ಮಾಂಕ್ 7' ಎಂದು ಬರೆದರೆ ಅದೇ ಬಣ್ಣ ಬರುತ್ತದೆ ಎಂದು ನಂಬಬೇಡಿ. ಪ್ರಾಂಪ್ಟಿನಲ್ಲಿ ಮಾತು, ಬಂದ ಮೇಲೆ ಅಳೆಯಲು ಪಟ್ಟಿ. ಹೀಗೆ ಹಂಚಿಕೊಂಡರೆ ಸರಿ. ನಮ್ಮ ಮೂರು ಪೋಸ್ಟರಿಗೆ ನಾನು ಸುಮಾರು 5, 7, 8 ಎಂಬ ಗುರಿ ಇಟ್ಟುಕೊಳ್ಳುತ್ತೇನೆ. ಬಂದ ಚಿತ್ರದಲ್ಲಿ ಬಣ್ಣ ಎತ್ತುವ ಐಡ್ರಾಪರ್ ಹಿಡಿದು ಕೆನ್ನೆ ಮತ್ತು ಕುತ್ತಿಗೆಯಿಂದ ಬಣ್ಣ ತೆಗೆಯಿರಿ. ಬೆಳಕು ಹೊಳೆಯುವ ಜಾಗವೂ ಬೇಡ, ನೆರಳಿನ ಜಾಗವೂ ಬೇಡ. ಮೂವರದ್ದೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ನಿಜವಾಗಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕಪ್ಪು ಮೈಬಣ್ಣ ಕೇಳಿದಾಗ ಬರುವ ತೊಂದರೆಯೇ ಬೇರೆ. ಎಣ್ಣೆ ಹಚ್ಚಿದಂಥ ಹೊಳಪು, ಹಿಂದಿನಿಂದ ನೀಲಿ ಬೆಳಕು, ಗಂಭೀರ ಮುಖ. ಫ್ಯಾಷನ್ ಪತ್ರಿಕೆಯ ಮುಖಪುಟವಾಗುತ್ತದೆ, ಅಂಗಡಿಯ ಗಿರಾಕಿ ಆಗುವುದಿಲ್ಲ. ಇದಕ್ಕೆ ಮದ್ದು ಬೆಳಕಿನಲ್ಲಿದೆ. ಕಿಟಕಿಯಿಂದ ಬದಿಗೆ ಬೀಳುವ ಮೆತ್ತನೆ ಬೆಳಕು, ಮುಖಕ್ಕೆ ಸರಿಹೋಗುವಂತೆ ಎಕ್ಸ್‌ಪೋಷರ್, ಹೊಳಪಿಲ್ಲದ ಚರ್ಮ ಎಂದು ಹೇಳಿ. 'ಸಂಜೆಯ ಹೊಂಬೆಳಕು' ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಮೂವರ ಬಣ್ಣವೂ ಒಂದೇ ಕಿತ್ತಳೆ ಆಗುತ್ತದೆ. ಬಟ್ಟೆಯ ಬಣ್ಣವನ್ನೂ ನೀವೇ ಹೇಳಿ. ಕಂದು ಪ್ಯಾಕೆಟ್, ಕಂದು ಕೈ, ಹಿಂದೆ ಕಪ್ಪು ಅಂಗಿ ಆದರೆ ಪ್ಯಾಕೆಟ್ ಕಾಣುವುದೇ ಇಲ್ಲ. ಕೆನೆ ಬಣ್ಣದ ಹತ್ತಿ ಸೀರೆ ಅಥವಾ ಅಂಗಿ ಇದ್ದರೆ ಎರಡೂ ಎದ್ದು ಕಾಣುತ್ತವೆ.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ದೋಷ ಕೈಯದ್ದು. ಮುಖ ಗಾಢ ಕಂದು, ಪ್ಯಾಕೆಟ್ ಹಿಡಿದ ಕೈ ಮಾತ್ರ ತಿಳಿ. ಎರಡನೆಯ ದಾರಿಯಲ್ಲಿ ಇದು ಇನ್ನೂ ಜಾಸ್ತಿ, ಅದರಲ್ಲೂ ನೀವು ಕೊಟ್ಟ ಪ್ಯಾಕೆಟ್ ಫೋಟೊದಲ್ಲಿ ನಿಮ್ಮ ಕೈ ಇದ್ದರೆ. ಎಐ ಆ ಕೈಯನ್ನೇ ಎತ್ತಿಕೊಂಡು ಬೇರೆಯವರ ಮೈಗೆ ಜೋಡಿಸುತ್ತದೆ. ಪ್ಯಾಕೆಟ್ಟನ್ನು ಮೇಜಿನ ಮೇಲೆ ಇಟ್ಟು ಫೋಟೊ ತೆಗೆಯಿರಿ. ಪ್ರಾಂಪ್ಟಿನಲ್ಲಿ ಮುಖ, ಕುತ್ತಿಗೆ, ಕೈ ಒಂದೇ ಬಣ್ಣ, ಬೆರಳಿನ ಗಿಣ್ಣು ಸ್ವಲ್ಪ ಗಾಢ ಎಂದು ಬಿಡಿಸಿ ಹೇಳಿ.

ಮೊದಲ ಪೋಸ್ಟರಿಗೆ ನಾನು ಬಳಸುವ ಪ್ರಾಂಪ್ಟ್ ಹೀಗಿದೆ:

```
A woman in her late 40s at the wooden counter of a small
store that sells ground coffee. Weight on one leg, left
elbow on the counter. Right hand holds a plain blank brown
kraft pouch by its top fold, at waist height; the pouch is
slightly taller than her hand.
Someone beside the camera has just said something funny:
lips closed, smile only starting, eyes on that person.
Deep brown South Indian skin, matte, fine lines; face, neck
and hands the same tone, knuckles slightly darker.
Cream cotton saree, small plain earrings.
Soft window light from the left, exposed for her face.
```

ಜೆಮಿನಿ, ಚಾಟ್‌ಜಿಪಿಟಿಗೆ ಇದನ್ನೇ ಕನ್ನಡದಲ್ಲಿ ಹೇಳಿದರೂ ಅರ್ಥವಾಗುತ್ತದೆ. ಮಿಡ್‌ಜರ್ನಿ, ಫ್ಲಕ್ಸ್‌ಗೆ ಇಂಗ್ಲಿಷೇ ಒಳ್ಳೆಯದು. ಬರೀ 'ಕಾಫಿ ಅಂಗಡಿ' ಎನ್ನದೆ ಪುಡಿ ಮಾರುವ ಅಂಗಡಿ ಎಂದದ್ದಕ್ಕೆ ಕಾರಣವಿದೆ. ಹಾಗೆ ಬಿಡಿಸಿ ಹೇಳದಿದ್ದರೆ ನೊರೆ ಕಾಫಿ ಮಾರುವ ಕೆಫೆ ಬರುತ್ತದೆ. ಓಲೆಯನ್ನೂ ಬೇಕೆಂದೇ ಹೇಳಿದ್ದು. 'ಒಡವೆ ಬೇಡ' ಎಂದರೆ ಹಲವು ಸಲ ಒಡವೆಯೇ ಬರುತ್ತದೆ, ಬೇಕಾದ್ದನ್ನು ಹೇಳಿದರೆ ಬೇಡದ್ದು ತಾನಾಗಿ ಹಿಂದೆ ಸರಿಯುತ್ತದೆ. ಮಿಡ್‌ಜರ್ನಿಯಲ್ಲಾದರೆ ಕೊನೆಗೆ ಇಷ್ಟು ಸೇರಿಸಿ:

```
--ar 4:5 --style raw --stylize 50
```

ಅಲ್ಲಿ `--stylize` ಸಾಮಾನ್ಯವಾಗಿ 100 ಇರುತ್ತದೆ. ಇಳಿಸಿದಷ್ಟೂ ಮಿಡ್‌ಜರ್ನಿಯ ಸ್ವಂತ ಶೃಂಗಾರ ಕಡಿಮೆ, ಚರ್ಮ ಹೆಚ್ಚು ಚರ್ಮದಂತೆ.

ಒಂದೇ ಚಿತ್ರದಲ್ಲಿ ಮೂವರೋ, ಮೂರು ಚಿತ್ರವೋ?

ಮೂರು ಚಿತ್ರ. ಇದರಲ್ಲಿ ನನಗೆ ಅನುಮಾನವಿಲ್ಲ. ಮೂವರನ್ನು ಒಂದೇ ಚೌಕಟ್ಟಿಗೆ ಹಾಕಿದರೆ ವಿವರಗಳು ಒಬ್ಬರಿಂದ ಒಬ್ಬರಿಗೆ ಹರಿದು ಮೂವರೂ ನಡುಮಧ್ಯದ ಒಂದೇ ಬಣ್ಣಕ್ಕೆ ಬರುತ್ತಾರೆ. ಜಾಗ, ಬೆಳಕು, ಪ್ಯಾಕೆಟ್ಟಿನ ಸಾಲುಗಳನ್ನು ಅಕ್ಷರ ಬದಲಿಸದೆ ಇಟ್ಟುಕೊಳ್ಳಿ. ವಯಸ್ಸು, ಮೈಬಣ್ಣ, ಬಟ್ಟೆ, ನಗುವಿನ ಕಾರಣ ಇವನ್ನು ಮಾತ್ರ ಬದಲಿಸಿ. ಆಗ ಮೂರು ಪೋಸ್ಟರ್ ಒಂದೇ ಅಂಗಡಿಯಲ್ಲಿ ತೆಗೆದಂತೆ ಇರುತ್ತವೆ.

ಮೂರನ್ನೂ ಗೋಡೆಗೆ ಅಂಟಿಸಿದಂತೆ ಪಕ್ಕಪಕ್ಕ ಇಟ್ಟು ಇನ್ನೊಂದು ವಿಷಯ ನೋಡಿ: ಯಾರು ಕೌಂಟರಿನ ಯಾವ ಬದಿಯಲ್ಲಿದ್ದಾರೆ? ಬೆಳ್ಳಗಿನವರು ಕೊಳ್ಳುವವರು, ಕಪ್ಪಗಿನವರು ಪೊಟ್ಟಣ ಕಟ್ಟುವವರು ಆಗಿಬಿಟ್ಟಿದ್ದರೆ ಬಣ್ಣ ಬೇರೆ ಬೇರೆ ಇಟ್ಟದ್ದು ದಂಡ. ಬಣ್ಣ ತಿಳಿಯಾಗಿಸುವ ಕ್ರೀಮುಗಳ ಜಾಹೀರಾತಿನಲ್ಲಿ ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದು ಎಂದು ನಮ್ಮ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2014ರಲ್ಲೇ ಹೇಳಿದೆ. ಕಾಫಿ ಪುಡಿ ಮಾರುವವರೂ ಅಷ್ಟು ಎಚ್ಚರ ಇಟ್ಟುಕೊಳ್ಳಬಹುದು.

ಹಾಗಾದರೆ ಯಾವುದನ್ನು ಹಿಡಿಯುವುದು?

ಗ್ರಾಹಕರಿಗೆ ಇನ್ನೂ ತೋರಿಸುತ್ತಿಲ್ಲ, ಅಂಗಡಿಯವರಿಗೆ 'ಹೀಗೆ ಬರುತ್ತದೆ' ಎಂದು ಮಾದರಿ ತೋರಿಸಬೇಕು ಅಷ್ಟೇ ಎಂದಾದರೆ ಬರೀ ಮಾತಿನ ದಾರಿ ಸಾಕು. ಬೇಗ ಆಗುತ್ತದೆ, ಬದಲಿಸಲೂ ಸುಲಭ.

ವಾಟ್ಸ್ಯಾಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಸ್ಟೋರಿಯಂಥ ಒಂದು ದಿನದ ಚಿತ್ರಕ್ಕೆ ಎರಡನೆಯದು ಸರಿ, ಲೇಬಲ್ಲಿನ ಸಣ್ಣ ಅಕ್ಷರ ಅಲ್ಲಿ ಓದುವಷ್ಟು ದೊಡ್ಡದಾಗಿ ಇರುವುದಿಲ್ಲ. ಆದರೂ ಜೂಮ್ ಮಾಡಿ ಒಮ್ಮೆ ಓದಿ ನೋಡಿ. ಈ ದಾರಿಯಲ್ಲಿ ಒಂದು ಎಚ್ಚರ ಬೇಕು. 'ನಗು ಸ್ವಲ್ಪ ಕಡಿಮೆ ಮಾಡು', 'ಕೈ ಕೆಳಗೆ ಇಳಿಸು' ಎಂದು ಒಂದರ ಮೇಲೊಂದು ತಿದ್ದುತ್ತಾ ಹೋದರೆ ಪ್ರತಿ ಸಲ ಚರ್ಮ ಸ್ವಲ್ಪ ನುಣುಪಾಗುತ್ತದೆ, ಮೈಬಣ್ಣ ಸರಿಯುತ್ತದೆ, ಕೊನೆಗೆ ಬೇರೆಯೇ ಹೆಂಗಸು ನಿಂತಿರುತ್ತಾಳೆ. ತಿದ್ದಿದ್ದನ್ನೇ ಮತ್ತೆ ತಿದ್ದಬೇಡಿ. ಬೇಕಾದ ಬದಲಾವಣೆ ಎಲ್ಲವನ್ನೂ ಸೇರಿಸಿ ಮೊದಲ ಚಿತ್ರದಿಂದಲೇ ಮತ್ತೆ ಶುರು ಮಾಡಿ.

ಅಚ್ಚಿಗೆ ಹೋಗುವುದಾದರೆ, ಅಥವಾ ಲೇಬಲ್ ಓದುವಷ್ಟು ದೊಡ್ಡದಾಗಿ ಕಾಣುವುದಾದರೆ ಮೂರನೆಯದು. ಎಐ ಚಿತ್ರ ಮೊದಲು ಬರಲಿ. ಅದರಲ್ಲಿ ಬೆಳಕು ಯಾವ ಕಡೆಯಿಂದ ಇದೆ, ಪ್ಯಾಕೆಟ್ ಎಷ್ಟು ಓರೆಯಾಗಿದೆ ಎಂದು ನೋಡಿಕೊಂಡು, ಅದೇ ಕೋನದಲ್ಲಿ, ಎಡಗಡೆ ಕಿಟಕಿ ಇರುವಂತೆ ಅಸಲಿ ಪ್ಯಾಕೆಟ್ಟಿನ ಫೋಟೊ ತೆಗೆಯಿರಿ. ಮೊಬೈಲ್ ಸಾಕು, ಆದರೆ ತೀರಾ ಹತ್ತಿರ ಹೋಗಬೇಡಿ, ಅಂಚು ಬಾಗುತ್ತದೆ. ಖಾಲಿ ಪ್ಯಾಕೆಟ್ಟಿನ ನಾಲ್ಕು ಮೂಲೆಗೆ ಅಸಲಿಯ ನಾಲ್ಕು ಮೂಲೆ ಹೊಂದಿಸಿ. ಹೆಬ್ಬೆರಳು ಮೇಲೆ ಬರುವಂತೆ ಮಾಸ್ಕ್ ಮಾಡಿ. ಬೆರಳಿನ ಕೆಳಗೆ, ಅಡಿಯ ಚಿತ್ರವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರಿನಲ್ಲಿ, ಮೆತ್ತನೆ ಬ್ರಷ್‌ನಿಂದ ತೆಳುವಾದ ನೆರಳು ಎಳೆಯಿರಿ. ಆ ನೆರಳು ಇಲ್ಲದಿದ್ದರೆ ಉಳಿದ ಕೆಲಸವೆಲ್ಲ ಅಂಟಿಸಿದಂತೆಯೇ ಕಾಣುತ್ತದೆ.

ಚಿತ್ರವನ್ನು ದೊಡ್ಡದು ಮಾಡುವುದು ಪ್ಯಾಕೆಟ್ ಕೂರಿಸುವ ಮೊದಲು. 1024×1536 ಪಿಕ್ಸೆಲ್‌ನ ಚಿತ್ರ 300 ಡಿಪಿಐನಲ್ಲಿ ಅಚ್ಚಾದರೆ ಬರುವುದು ಬರೀ ಸುಮಾರು ಮೂರೂವರೆ ಇಂಚು ಅಗಲ, ಐದು ಇಂಚು ಎತ್ತರ. ಕೌಂಟರ್ ಮೇಲಿಡುವ ಎ4 ಹಾಳೆಗೂ ಸಾಲದು. ಅಪ್‌ಸ್ಕೇಲ್ ಮಾಡಲೇಬೇಕು, ಮತ್ತು ಅಪ್‌ಸ್ಕೇಲರ್ ಕೂಡ ಅಕ್ಷರವನ್ನು ಕೆಡಿಸುತ್ತದೆ, ಚರ್ಮವನ್ನು ಪ್ಲಾಸ್ಟಿಕ್ ಮಾಡುತ್ತದೆ. ಹಾಗಾಗಿ ಮೊದಲು ವ್ಯಕ್ತಿಯ ಚಿತ್ರವನ್ನು ದೊಡ್ಡದು ಮಾಡಿ, ಆಮೇಲೆ ಪ್ಯಾಕೆಟ್ ಹಾಕಿ. ಮುಖ ಸ್ವಲ್ಪ ಮೆದುವಾದರೂ ಲೇಬಲ್ ಚೂಪಾಗಿ ಉಳಿಯುತ್ತದೆ. ತೀರಾ ನುಣುಪಾಯಿತು ಎನಿಸಿದರೆ ಮೇಲಿಂದ ತುಸು ಗ್ರೇನ್ ಸೇರಿಸಿ.

ಆ ಮುಖದ ಪಕ್ಕದಲ್ಲಿ ಮಾತ್ರ 'ನಮ್ಮನೆಯಲ್ಲಿ ಇದೇ ಕಾಫಿ' ಎಂದು ಉದ್ಧರಣ ಚಿಹ್ನೆಯೊಳಗೆ ಬರೆಯಬೇಡಿ. ಇಲ್ಲದ ಗಿರಾಕಿಯ ಬಾಯಲ್ಲಿ ಮಾತು ಹಾಕಿದರೆ ಅದು ಸುಳ್ಳು ಶಿಫಾರಸು. ನಿಜವಾದ ಗಿರಾಕಿಯ ಮಾತೇ ಬೇಕಿದ್ದರೆ ಅಂಗಡಿಗೆ ಬರುವ ಒಬ್ಬರನ್ನು ಕೇಳಿ, ಒಪ್ಪಿದರೆ ಅದೇ ಕಿಟಕಿಯ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎಡ ಮೊಣಕೈ ಕೌಂಟರ್ ಮೇಲೆ ಇರಲಿ.